ಮೂರು ಆಲ್ಕೀನುಗಳು, ಎರಡು ಪ್ರತ್ಯಾಮ್ಲಗಳು

2-ಬ್ರೋಮೋ-2-ಮಿಥೈಲ್‌ಬ್ಯೂಟೇನ್ ಎಂಬ ದ್ರವವೊಂದಿದೆ. ಐದು ಇಂಗಾಲದ ಪುಟ್ಟ ಅಣು, ಅದರ ಮೈಮೇಲೆ ಒಂದು ಬ್ರೋಮಿನ್. ಇದನ್ನು ಎಥನಾಲ್‌ನಲ್ಲಿ ಕರಗಿಸಿದ ಎಥಾಕ್ಸೈಡ್ ಎಂಬ ಪ್ರತ್ಯಾಮ್ಲದ ಜೊತೆ ಬಿಸಿ ಮಾಡಿದರೆ ಎರಡು ಆಲ್ಕೀನುಗಳು ಹುಟ್ಟುತ್ತವೆ. ನೂರರಲ್ಲಿ ಸುಮಾರು 70 ಪಾಲು ಒಂದು, 30 ಪಾಲು ಇನ್ನೊಂದು. ಎಥಾಕ್ಸೈಡ್ ಬದಲು ಟರ್ಶಿಯರಿ-ಬ್ಯೂಟಾಕ್ಸೈಡ್ ಹಾಕಿದರೆ ಹುಟ್ಟುವುದು ಅವೇ ಎರಡು. ಆದರೆ ಲೆಕ್ಕ ತಲೆಕೆಳಗಾಗುತ್ತದೆ. ಮೊದಲಿನದು 28ಕ್ಕೆ ಇಳಿದು, ಎರಡನೆಯದು 72ಕ್ಕೆ ಏರುತ್ತದೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ‘ಹೆಚ್ಚು ಸ್ಥಿರವಾದ ಆಲ್ಕೀನೇ ಮುಖ್ಯ ಉತ್ಪನ್ನ’ ಎಂಬ ಮಾತು ನೆನಪಿರಬಹುದು. ಆ ಮಾತು ಎಲ್ಲಿಯವರೆಗೆ ನಿಜ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಒಂದೇ ಅಣು ತೋರಿಸಿಕೊಡುತ್ತದೆ.

ಮೊದಲು ಅಣುವನ್ನು ನೋಡೋಣ. ಬ್ರೋಮಿನ್ ಹೊತ್ತ ಇಂಗಾಲಕ್ಕೆ ಮೂವರು ನೆರೆಯವರು: ಎರಡು CH3 ಗುಂಪುಗಳು, ಮತ್ತು ಸರಪಳಿಯ ಒಳಗಿರುವ ಒಂದು CH2 ಗುಂಪು. ಪ್ರತ್ಯಾಮ್ಲ ಬಂದು ಈ ನೆರೆಯವರಲ್ಲಿ ಒಬ್ಬರಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಅದೇ ಹೊತ್ತಿಗೆ ಬ್ರೋಮಿನ್ ಹೊರಬೀಳುತ್ತದೆ, ಎರಡು ಇಂಗಾಲಗಳ ನಡುವೆ ದ್ವಿಬಂಧ ಏಳುತ್ತದೆ. ಇದೇ ಎಲಿಮಿನೇಷನ್. ಜಲಜನಕ ಒಳಗಿನ CH2ನಿಂದ ಹೋದರೆ ಸಿಗುವುದು 2-ಮಿಥೈಲ್-2-ಬ್ಯೂಟೀನ್. ದ್ವಿಬಂಧದ ಎರಡು ಇಂಗಾಲಗಳ ಸುತ್ತ ಒಟ್ಟು ನಾಲ್ಕು ಜಾಗಗಳಿದ್ದು, ಇದರಲ್ಲಿ ಮೂರನ್ನು ಇಂಗಾಲದ ಗುಂಪುಗಳು ಹಿಡಿದಿರುತ್ತವೆ. ಜಲಜನಕ ತುದಿಯ CH3ನಿಂದ ಹೋದರೆ 2-ಮಿಥೈಲ್-1-ಬ್ಯೂಟೀನ್. ಇದರಲ್ಲಿ ಅಂಥ ಗುಂಪುಗಳು ಎರಡೇ, ಉಳಿದೆರಡು ಜಾಗದಲ್ಲಿ ಜಲಜನಕ.

ಇವೆರಡರಲ್ಲಿ ಯಾವುದು ಹೆಚ್ಚು ಸ್ಥಿರ? ಇದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಆಲ್ಕೀನಿಗೆ ಲೋಹದ ವೇಗವರ್ಧಕದ ಮೇಲೆ ಜಲಜನಕ ಕೂಡಿಸಿದರೆ ದ್ವಿಬಂಧ ಮುಚ್ಚಿಹೋಗಿ ಆಲ್ಕೇನ್ ಆಗುತ್ತದೆ, ಶಾಖ ಹೊರಬರುತ್ತದೆ. ವನಸ್ಪತಿ ಕಾರ್ಖಾನೆಯಲ್ಲಿ ನಿಕ್ಕಲ್ ಬಳಸಿ ಎಣ್ಣೆಯನ್ನು ಗಟ್ಟಿ ಮಾಡುವುದೂ ಇದೇ ಕ್ರಿಯೆ. ನಮ್ಮ ಎರಡು ಆಲ್ಕೀನುಗಳಿಗೂ, ಅವುಗಳ ಮೂರನೆಯ ಸೋದರ 3-ಮಿಥೈಲ್-1-ಬ್ಯೂಟೀನ್‌ಗೂ ಜಲಜನಕ ಕೂಡಿಸಿದರೆ ಕೊನೆಗೆ ಸಿಗುವುದು ಒಂದೇ ವಸ್ತು, 2-ಮಿಥೈಲ್‌ಬ್ಯೂಟೇನ್. ಬೇರೆ ಬೇರೆ ಮೆಟ್ಟಿಲುಗಳಿಂದ ಒಂದೇ ಅಂಗಳಕ್ಕೆ ಇಳಿದಂತೆ: ಇಳಿಯುವಾಗ ಯಾರಿಂದ ಹೆಚ್ಚು ಶಾಖ ಬಂತೋ ಅವರು ಅಷ್ಟು ಮೇಲಿನ ಮೆಟ್ಟಿಲಲ್ಲಿದ್ದರು, ಅಂದರೆ ಅಷ್ಟು ಕಡಿಮೆ ಸ್ಥಿರ. ಒಂದು ಮೋಲ್‌ಗೆ ಕಿಲೋಜೂಲ್ ಲೆಕ್ಕದಲ್ಲಿ, ದ್ವಿಬಂಧಕ್ಕೆ ಒಂದೇ ಇಂಗಾಲ ಗುಂಪು ಅಂಟಿರುವ 3-ಮಿಥೈಲ್-1-ಬ್ಯೂಟೀನ್ ಸುಮಾರು 127 ಬಿಡುತ್ತದೆ. ಎರಡು ಗುಂಪುಗಳದ್ದು 119, ಮೂರು ಗುಂಪುಗಳದ್ದು 113. ಗುಂಪುಗಳು ಹೆಚ್ಚಿದಂತೆ ಶಾಖ ಇಳಿಯುತ್ತದೆ, ಸ್ಥಿರತೆ ಏರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಹೋಲಿಕೆ ಸ್ವಚ್ಛವಾಗಿರುವುದು ಮೂರೂ ಒಂದೇ ಆಲ್ಕೇನಿಗೆ ಇಳಿಯುವುದರಿಂದ. ಎಥಿಲೀನಿನ 137ನ್ನು ಆರು ಇಂಗಾಲದ ಇನ್ಯಾವುದೋ ಆಲ್ಕೀನಿನ ಅಂಕಿಯ ಪಕ್ಕ ಇಟ್ಟರೆ ಒಲವೇನೋ ಕಾಣುತ್ತದೆ, ಆದರೆ ಇಳಿದ ಅಂಗಳಗಳೇ ಬೇರೆ.

ಇಂಥ ಅಂಕಿಗಳನ್ನು ನಂಬಿಕೆಗೆ ಅರ್ಹವಾಗುವಷ್ಟು ನಿಖರವಾಗಿ ಅಳೆದ ಕೀರ್ತಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕಿಸ್ಟಿಯಾಕೋವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳದ್ದು. 1930ರ ದಶಕದ ಮಧ್ಯದಲ್ಲಿ ಅವರು ಈ ಶಾಖಗಳನ್ನು ಅನಿಲ ಸ್ಥಿತಿಯಲ್ಲೇ, 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರು. ಅಷ್ಟು ಕಷ್ಟ ಏಕೆ, ಸುಟ್ಟು ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನಾಲ್ಕು ಇಂಗಾಲದ ಬ್ಯೂಟೀನನ್ನು ಸುಟ್ಟರೆ ಒಂದು ಮೋಲ್‌ಗೆ 2,700 ಕಿಲೋಜೂಲ್‌ಗಳಷ್ಟು ಶಾಖ ಬರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೋ ನಾಲ್ಕೋ ಏಳೋ ಕಿಲೋಜೂಲಿನದು. ಅಳತೆಯಲ್ಲಿ ಸಾವಿರಕ್ಕೆ ಒಂದು ಪಾಲು ತಪ್ಪಿದರೂ ಸುಮಾರು 2.7 ಕಿಲೋಜೂಲ್ ಹೋಯಿತು. ಜಲಜನಕ ಕೂಡಿಸುವ ಕ್ರಿಯೆಯಲ್ಲಿ ಬರುವ ಒಟ್ಟು ಶಾಖವೇ 120ರ ಆಸುಪಾಸು. ಅದೇ ಪ್ರಮಾಣದ ತಪ್ಪಾದರೆ ಹೋಗುವುದು ಒಂದು ಕಿಲೋಜೂಲಿನ ಎಂಟನೇ ಒಂದು ಭಾಗ ಮಾತ್ರ. ಸಣ್ಣ ವ್ಯತ್ಯಾಸ ಬೇಕಾದಾಗ ಸಣ್ಣ ಮೊತ್ತವನ್ನೇ ಅಳೆಯಬೇಕು ಎಂಬ ಆ ಆಯ್ಕೆ ನನಗೆ ಅಳತೆಯ ಫಲದಷ್ಟೇ ಮೆಚ್ಚುಗೆಯಾಗಿದೆ.

ಗುಂಪುಗಳಿಂದ ಸ್ಥಿರತೆ ಬರುವುದಕ್ಕೆ ಎರಡು ಕಾರಣಗಳನ್ನು ಕೊಡುತ್ತಾರೆ. ಪಕ್ಕದ ಇಂಗಾಲ-ಜಲಜನಕ ಬಂಧದ ಇಲೆಕ್ಟ್ರಾನುಗಳು ದ್ವಿಬಂಧದ ಖಾಲಿ ಕಕ್ಷಕದೊಳಕ್ಕೆ ಸ್ವಲ್ಪ ಹರಡಿಕೊಳ್ಳುತ್ತವೆ. ಹರಡಿದಷ್ಟೂ ಶಕ್ತಿ ತಗ್ಗುತ್ತದೆ. ಇದನ್ನು ಹೈಪರ್‌ಕಾಂಜುಗೇಷನ್ ಎನ್ನುತ್ತಾರೆ. ಎರಡನೆಯದಾಗಿ, ದ್ವಿಬಂಧದ ಇಂಗಾಲವು ಸಾಮಾನ್ಯ ಇಂಗಾಲದೊಡನೆ ಕಟ್ಟುವ ಬಂಧ, ಎರಡು ಸಾಮಾನ್ಯ ಇಂಗಾಲಗಳ ನಡುವಿನ ಬಂಧಕ್ಕಿಂತ ಗಟ್ಟಿ.

ಗುಂಪುಗಳ ಸಂಖ್ಯೆ ಸಮವಾದರೂ ಅವು ಕೂತ ಬಗೆ ಮುಖ್ಯ. 2-ಬ್ಯೂಟೀನಿನಲ್ಲಿ ಎರಡು CH3ಗಳು ಒಂದೇ ಬದಿಗಿದ್ದರೆ ಸಿಸ್, ಎದುರುಬದುರಿದ್ದರೆ ಟ್ರಾನ್ಸ್. ಸಿಸ್ 120 ಕಿಲೋಜೂಲ್ ಬಿಡುತ್ತದೆ, ಟ್ರಾನ್ಸ್ 116. ಒಂದೇ ಬದಿಯಲ್ಲಿ ಒತ್ತಿಕೊಂಡ ಕಾರಣಕ್ಕೆ ಸಿಸ್‌ನ ಮೇಲೆ ಆ ನಾಲ್ಕು ಕಿಲೋಜೂಲಿನ ಹೊರೆ. ಇದು ನಮ್ಮ ಅಡುಗೆಮನೆಯನ್ನೂ ತಟ್ಟಿದೆ. ಎಣ್ಣೆಯ ದ್ವಿಬಂಧಗಳು ಸಹಜವಾಗಿ ಸಿಸ್ ರೂಪದಲ್ಲಿರುತ್ತವೆ. ಅರ್ಧಂಬರ್ಧ ಜಲಜನಕ ಕೂಡಿಸುವಾಗ ಕೆಲವು ದ್ವಿಬಂಧಗಳು ನಿಕ್ಕಲ್ ಮೇಲೆ ತೆರೆದು, ಜಲಜನಕ ಪಡೆಯದೆ ಮತ್ತೆ ಮುಚ್ಚಿಕೊಳ್ಳುತ್ತವೆ. ಹಾಗೆ ಮುಚ್ಚುವಾಗ ಹೆಚ್ಚು ಸ್ಥಿರವಾದ ಟ್ರಾನ್ಸ್ ರೂಪಕ್ಕೆ ಹೊರಳುವವೇ ಹೆಚ್ಚು. ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಬರುವುದು ಹೀಗೆ. ಭಾರತದಲ್ಲಿ 2022ರಿಂದ ಎಣ್ಣೆ-ಕೊಬ್ಬುಗಳಲ್ಲಿ ಇದಕ್ಕೆ ಶೇ. 2ರ ಮಿತಿ ಇದೆ.

ಈಗ ಎಲಿಮಿನೇಷನ್‌ಗೆ ಮರಳೋಣ. ರಷ್ಯಾದ ಕಜಾನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಜೈಟ್ಸೆವ್ 1875ರಲ್ಲಿ ಒಂದು ನಿಯಮ ಬರೆದರು: ಜಲಜನಕ ಹೋಗುವುದು, ಅದು ಮೊದಲೇ ಕಡಿಮೆ ಇರುವ ನೆರೆಯ ಇಂಗಾಲದಿಂದ. ಅಂದರೆ ಹೆಚ್ಚು ಗುಂಪುಗಳಿರುವ ಆಲ್ಕೀನೇ ಮುಖ್ಯ. ಎಥಾಕ್ಸೈಡ್ ಜೊತೆಗಿನ 70:30 ಈ ನಿಯಮಕ್ಕೆ ಒಪ್ಪುತ್ತದೆ. ಆದರೆ ಒಪ್ಪುವ ರೀತಿಯನ್ನು ಹತ್ತಿರದಿಂದ ನೋಡಬೇಕು. 119ಕ್ಕೂ 113ಕ್ಕೂ ಇರುವ ಆರು ಕಿಲೋಜೂಲಿನ ಅಂತರವೊಂದೇ ಎಲ್ಲವನ್ನೂ ತೀರ್ಮಾನಿಸುವಂತಿದ್ದರೆ, ಎರಡೂ ಆಲ್ಕೀನುಗಳು ಒಂದರಿಂದ ಒಂದಕ್ಕೆ ಬದಲಾಗುತ್ತ ಸಮತೋಲಕ್ಕೆ ಬಂದಿದ್ದರೆ, ಕೊಠಡಿಯ ಉಷ್ಣತೆಯಲ್ಲಿ 90ಕ್ಕಿಂತ ಹೆಚ್ಚು ಪಾಲು ಸ್ಥಿರವಾದದ್ದೇ ಇರಬೇಕಿತ್ತು. ಬಂದದ್ದು 70.

ಏಕೆಂದರೆ ಈ ಕ್ರಿಯೆಯಲ್ಲಿ ಒಮ್ಮೆ ಹುಟ್ಟಿದ ಆಲ್ಕೀನ್ ಹಿಂದಕ್ಕೆ ಹೋಗುವುದಿಲ್ಲ. ಯಾವುದು ಬೇಗ ಹುಟ್ಟುತ್ತದೋ ಅದೇ ಹೆಚ್ಚು ಸಿಗುತ್ತದೆ. ವೇಗವನ್ನು ತೀರ್ಮಾನಿಸುವುದು ನಡುವಿನ ಸಂಕ್ರಮಣ ಸ್ಥಿತಿ: ಜಲಜನಕ ಅರ್ಧ ಕಿತ್ತಿದೆ, ಬ್ರೋಮಿನ್ ಅರ್ಧ ಹೊರಟಿದೆ, ದ್ವಿಬಂಧ ಅರ್ಧ ಮೂಡಿದೆ. ದ್ವಿಬಂಧ ಎಷ್ಟು ಮೂಡಿದೆಯೋ ಅಷ್ಟರ ಮಟ್ಟಿಗೆ ಗುಂಪುಗಳ ಆಸರೆ ಅಲ್ಲೂ ಸಿಗುತ್ತದೆ. ಆದ್ದರಿಂದಲೇ ಶಾಖದ ಪಟ್ಟಿ ಈ ಸ್ಪರ್ಧೆಯ ಗೆಲುವನ್ನು ಸರಿಯಾಗಿ ಊಹಿಸುತ್ತದೆ, ಗೆಲುವಿನ ಅಂತರವನ್ನಲ್ಲ. ಇನ್ನೊಂದು ವಿಷಯವನ್ನು ಪಠ್ಯಪುಸ್ತಕಗಳು ಬೇಗ ದಾಟಿಬಿಡುತ್ತವೆ. ತುದಿಯ ಎರಡು CH3ಗಳಲ್ಲಿ ಕೀಳಬಹುದಾದ ಜಲಜನಕಗಳು ಆರು. ಒಳಗಿನ CH2ನಲ್ಲಿ ಎರಡೇ. 70ನ್ನು ಎರಡಕ್ಕೆ ಹಂಚಿದರೆ ತಲಾ 35, 30ನ್ನು ಆರಕ್ಕೆ ಹಂಚಿದರೆ ತಲಾ 5. ಒಂದೊಂದು ಜಲಜನಕದ ಲೆಕ್ಕದಲ್ಲಿ ಒಳಗಿನದು ಏಳು ಪಟ್ಟು ಬೇಗ ಹೋಗುತ್ತಿದೆ. ಸ್ಥಿರತೆಯ ಎಳೆತ ನಿಜಕ್ಕೂ ಬಲವಾಗಿಯೇ ಇದೆ. ಆರಕ್ಕೆ ಎರಡು ಎಂಬ ಎಣಿಕೆ ಅದನ್ನು ಮರೆಮಾಡಿದೆ.

ಟರ್ಶಿಯರಿ-ಬ್ಯೂಟಾಕ್ಸೈಡ್ ಈ ಲೆಕ್ಕವನ್ನು ಏಕೆ ತಿರುಗಿಸುತ್ತದೆ? ಅದರ ಆಮ್ಲಜನಕದ ಬೆನ್ನಿಗೆ ಮೂರು CH3ಗಳ ದಪ್ಪ ಗುಂಪು ಅಂಟಿಕೊಂಡಿದೆ. ಒಳಗಿನ CH2ನ ಜಲಜನಕಗಳು ಸುತ್ತಲಿನ ಗುಂಪುಗಳ ನಡುವೆ ಹುದುಗಿವೆ. ಅಲ್ಲಿಗೆ ಈ ದಪ್ಪ ಪ್ರತ್ಯಾಮ್ಲ ಸಲೀಸಾಗಿ ತಲುಪದು. ತುದಿಯ CH3ಗಳು ಬಯಲಿಗಿವೆ. ಹೀಗಾಗಿ 28:72. ಕಡಿಮೆ ಗುಂಪುಗಳ ಆಲ್ಕೀನ್ ಮುಖ್ಯವಾದಾಗ ಅದನ್ನು ಹಾಫ್‌ಮನ್ ಉತ್ಪನ್ನ ಎನ್ನುತ್ತಾರೆ. ಗಮನಿಸಿ, ಸ್ಥಿರತೆಯ ಕ್ರಮ ಇಲ್ಲಿ ಚೂರೂ ಬದಲಾಗಿಲ್ಲ. ಕಡಿಮೆ ಸಿಕ್ಕ ಆಲ್ಕೀನಿನ ಶಾಖ ಈಗಲೂ 113ೇ, ಅದು ಈಗಲೂ ಹೆಚ್ಚು ಸ್ಥಿರ. ಅದು ಹುಟ್ಟುವ ದಾರಿ ಮಾತ್ರ ಇಕ್ಕಟ್ಟಾಯಿತು.

ಉಂಗುರದ ಅಣುಗಳಲ್ಲಿ ಪ್ರತ್ಯಾಮ್ಲ ಸಣ್ಣದಿದ್ದರೂ ಇಂಥದ್ದು ನಡೆಯಬಹುದು. ನೋವಿನ ಮುಲಾಮಿನಲ್ಲಿ ತಂಪು ಕೊಡುವ ಮೆಂಥಾಲ್‌ನಿಂದ ಮಾಡಿದ ಮೆಂಥೈಲ್ ಕ್ಲೋರೈಡ್‌ಗೆ ಎಥಾಕ್ಸೈಡ್ ಹಾಕಿದರೆ ಕಡಿಮೆ ಸ್ಥಿರವಾದ 2-ಮೆಂಥೀನ್ ಮಾತ್ರ ಸಿಗುತ್ತದೆ. ಬಲವಾದ ಪ್ರತ್ಯಾಮ್ಲದ ಎಲಿಮಿನೇಷನ್‌ಗೆ ಹೊರಹೋಗುವ ಜಲಜನಕ ಮತ್ತು ಕ್ಲೋರಿನ್ ಒಂದಕ್ಕೊಂದು ನೇರ ವಿರುದ್ಧ ದಿಕ್ಕಿಗಿರಬೇಕು. ಈ ಅಣುವಿನಲ್ಲಿ ಹೆಚ್ಚು ಸ್ಥಿರ ಆಲ್ಕೀನ್ ಕೊಡಬೇಕಾದ ಜಲಜನಕ ಎಂದಿಗೂ ಆ ಭಂಗಿಗೆ ಬರುವುದೇ ಇಲ್ಲ. ಕ್ಲೋರಿನ್ ಉಂಗುರದ ಇನ್ನೊಂದು ಮುಖದಲ್ಲಿರುವ ನಿಯೋಮೆಂಥೈಲ್ ಕ್ಲೋರೈಡ್‌ನಲ್ಲಿ ಎರಡೂ ಜಲಜನಕಗಳು ಸರಿಯಾದ ಭಂಗಿಯಲ್ಲಿವೆ. ಅಲ್ಲಿ ಹೆಚ್ಚು ಸ್ಥಿರವಾದ 3-ಮೆಂಥೀನ್ ಶೇ. 78ರಷ್ಟು ಬರುತ್ತದೆ, ಕ್ರಿಯೆಯೂ ಸುಮಾರು 200 ಪಟ್ಟು ವೇಗವಾಗಿ ನಡೆಯುತ್ತದೆ.

ಯಾವುದು ಎಷ್ಟು ಬಂತೆಂದು ತಿಳಿಯುವುದು ಕಷ್ಟವಲ್ಲ. 2-ಮಿಥೈಲ್-1-ಬ್ಯೂಟೀನ್ 31 ಡಿಗ್ರಿಯಲ್ಲಿ ಕುದಿಯುತ್ತದೆ, 2-ಮಿಥೈಲ್-2-ಬ್ಯೂಟೀನ್ 38ರ ಮೇಲೆ. ಗ್ಯಾಸ್ ಕ್ರೊಮ್ಯಾಟೋಗ್ರಾಫಿನಲ್ಲಿ ಅವು ಎರಡು ಬೇರೆ ಶಿಖರಗಳಾಗಿ ಮೂಡುತ್ತವೆ. ಶಿಖರಗಳ ವಿಸ್ತೀರ್ಣವೇ ಪ್ರಮಾಣ ಹೇಳುತ್ತದೆ.

ಪರೀಕ್ಷೆಗೆ ಕೂರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಗುಂಪುಗಳನ್ನು ಎಣಿಸಲು ಹೊರಡುವ ಮೊದಲು ಬಾಣದ ಮೇಲೆ ಯಾವ ಪ್ರತ್ಯಾಮ್ಲ ಬರೆದಿದೆ ಎಂದು ಓದಿ. ಉಂಗುರವಿದ್ದರೆ ಅದನ್ನು ಕುರ್ಚಿ ಆಕಾರದಲ್ಲಿ ಬರೆದು, ಯಾವ ಜಲಜನಕ ಕ್ಲೋರಿನ್‌ಗೆ ವಿರುದ್ಧ ಮುಖವಾಗಿದೆ ಎಂದು ನೋಡಿ. ಶಾಖದ ಪಟ್ಟಿಯನ್ನು ಆಮೇಲೆ ತೆರೆಯಿರಿ.