ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ?

ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ಪರವಾನಗಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪೊಟ್ಟಣದ ಮೇಲೆ ಆ 14 ಅಂಕಿಗಳು ಇಲ್ಲದಿದ್ದರೆ ಪೇಟೆಯ ಅಂಗಡಿಯವರು ಮಾಲು ಇಳಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಅರ್ಜಿಯನ್ನೇನೋ ಆನ್‌ಲೈನಿನಲ್ಲಿ ಹಾಕಿದ್ದಾಯಿತು, ಶುಲ್ಕವನ್ನೂ ಕಟ್ಟಿದ್ದಾಯಿತು. ಆಮೇಲೆ ಸುದ್ದಿಯೇ ಇಲ್ಲ. ಆಗ ಬಹಳ ಮಂದಿ ಬರೆಯುವ ಇಮೇಲ್ ಇಷ್ಟೇ: ‘ಸರ್, ನಾನು ಎರಡು ತಿಂಗಳ ಹಿಂದೆ ಅರ್ಜಿ ಹಾಕಿದ್ದೇನೆ, ಇನ್ನೂ ಲೈಸೆನ್ಸ್ ಬಂದಿಲ್ಲ, ದಯವಿಟ್ಟು ಬೇಗ ಮಾಡಿಕೊಡಿ.’

ಈ ಇಮೇಲಿಗೆ ಉತ್ತರ ಬಾರದಿರುವುದಕ್ಕೆ ಕಚೇರಿಯ ಉದಾಸೀನವೊಂದೇ ಕಾರಣವಲ್ಲ. ಅದನ್ನು ತೆರೆದ ವಿಷಯ ನಿರ್ವಾಹಕರಿಗೆ ಯಾರ ಅರ್ಜಿ, ಯಾವ ಊರಿನದು, ನೋಂದಣಿಯೋ ಪರವಾನಗಿಯೋ ಒಂದೂ ಗೊತ್ತಾಗುವುದಿಲ್ಲ. ಹೆಸರು ಹಿಡಿದು ಹುಡುಕೋಣವೆಂದರೆ ಅರ್ಜಿ ಇರುವುದು ಘಟಕದ ಹೆಸರಿನಲ್ಲಿ, ಇಮೇಲ್ ಬಂದಿರುವುದು ಮಗನ ವಿಳಾಸದಿಂದ. ಹುಡುಕಿ ತೆಗೆಯಬೇಕಾದ ಕಾಗದ ಕೆಳಗೆ ಹೋಗುತ್ತದೆ, ಕೈಗೆ ಸಿಕ್ಕ ಕಾಗದದ ಕೆಲಸ ಮೊದಲು ಆಗುತ್ತದೆ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದರಡಿಯ ಪರವಾನಗಿ ನಿಯಮಾವಳಿ ಜಾರಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಪೂರ್ಣವಾದ ಪ್ರತಿ ಅರ್ಜಿಗೂ ಒಂದು ಅರ್ಜಿ ಸಂಖ್ಯೆ ಕೊಡಬೇಕು, ಮುಂದಿನ ಪತ್ರವ್ಯವಹಾರದಲ್ಲೆಲ್ಲ ಅದನ್ನೇ ಉಲ್ಲೇಖಿಸಬೇಕು ಎಂದು ಆ ನಿಯಮಾವಳಿಯೇ ಹೇಳುತ್ತದೆ. ಈಗಿನ ಫಾಸ್ಕಾಸ್ ಪೋರ್ಟಲಿನಲ್ಲಿ ಅದು 17 ಅಂಕಿಯ ಸಂಖ್ಯೆ. ಶುಲ್ಕ ಕಟ್ಟಿದ ಮೇಲೆ ಬರುವ ರಸೀದಿಯಲ್ಲೂ ಅದು ಇರುತ್ತದೆ. ಇದನ್ನು 14 ಅಂಕಿಯ ಪರವಾನಗಿ ಸಂಖ್ಯೆಯೊಡನೆ ಕಲಸಿಕೊಳ್ಳಬಾರದು. ನವೀಕರಣಕ್ಕೋ ತಿದ್ದುಪಡಿಗೋ ಅರ್ಜಿ ಹಾಕಿದವರ ಬಳಿ ಎರಡೂ ಇರುತ್ತವೆ, ಅಂಥವರು ಎರಡನ್ನೂ ಬರೆಯಬೇಕು.

ಆದರೆ ಇಮೇಲ್ ಬರೆಯುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. foscos.fssai.gov.in ತೆರೆದು, ಅರ್ಜಿ ಸಂಖ್ಯೆ ಹಾಕಿ, ಕಡತ ಯಾರ ಬಳಿ ಇದೆ ಎಂದು ನೋಡಬೇಕು. ತಿಂಗಳುಗಟ್ಟಲೆ ಕಾದವರ ಅರ್ಜಿ ಎಷ್ಟೋ ಸಲ ಕಚೇರಿಯಲ್ಲಿ ಇರುವುದೇ ಇಲ್ಲ, ಅರ್ಜಿದಾರರ ಖಾತೆಗೇ ವಾಪಸ್ ಬಂದು ಕೂತಿರುತ್ತದೆ. ಅರ್ಜಿ ತಲುಪಿದ 15 ದಿನಗಳೊಳಗೆ ಕಚೇರಿ ಅದನ್ನು ಪರಿಶೀಲಿಸಿ ಬೇಕಾದ ದಾಖಲೆ ಕೇಳಬಹುದು. ಕೇಳಿದ 30 ದಿನಗಳಲ್ಲಿ ಅರ್ಜಿದಾರರು ಅದನ್ನು ಒದಗಿಸಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಾಗೆ ಕೇಳಿದ ವಿಷಯ ಅರ್ಜಿದಾರರಿಗೇ ಗೊತ್ತಾಗುವುದಿಲ್ಲವೇ? ಗೊತ್ತಾಗದೆ ಹೋಗುವುದಕ್ಕೆ ಸರಳವಾದ ಕಾರಣವಿದೆ. ಅರ್ಜಿ ತುಂಬಿದ್ದು ಸೈಬರ್ ಸೆಂಟರಿನವರು, ಖಾತೆ ತೆರೆಯುವಾಗ ಕೊಟ್ಟದ್ದು ಅವರದೇ ಮೊಬೈಲ್ ನಂಬರ್. ಮೆಸೇಜ್ ಅವರಿಗೆ ಬರುತ್ತದೆ, ದಿನಕ್ಕೆ ಹತ್ತಾರು ಅರ್ಜಿ ತುಂಬುವ ಅವರು ನೋಡದೆ ಬಿಡುತ್ತಾರೆ. ಇಂಥ ಸ್ಥಿತಿಯಲ್ಲಿ ಅಧಿಕಾರಿಗೆ ಎಷ್ಟು ಇಮೇಲ್ ಕಳಿಸಿದರೂ ಕಡತ ಅಲುಗುವುದಿಲ್ಲ. ಸೈಬರಿನವರಿಂದ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಪಡೆದು, ಕೇಳಿದ ದಾಖಲೆ ಹಾಕುವುದೊಂದೇ ದಾರಿ.

ಅರ್ಜಿ ನಿಜಕ್ಕೂ ಕಚೇರಿಯಲ್ಲೇ ನಿಂತಿದೆ ಎಂದಾದರೆ ಇಮೇಲ್ ಬರೆಯಬೇಕು. ಯಾರಿಗೆ? ಸಣ್ಣ ವಹಿವಾಟಿನ ನೋಂದಣಿಯಾದರೆ ಸಾಮಾನ್ಯವಾಗಿ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಗೆ, ರಾಜ್ಯ ಪರವಾನಗಿಯಾದರೆ ಜಿಲ್ಲೆಯ ಅಂಕಿತ ಅಧಿಕಾರಿಗೆ. ಕೇಂದ್ರ ಪರವಾನಗಿಯ ಅರ್ಜಿ ರಾಜ್ಯದ ಇಲಾಖೆಗೆ ಬರುವುದೇ ಇಲ್ಲ, ಅದು ಪ್ರಾಧಿಕಾರದ ಸ್ವಂತ ಕಚೇರಿಯಲ್ಲಿರುತ್ತದೆ. ಇಮೇಲ್ ವಿಳಾಸವನ್ನು ಪೋರ್ಟಲಿನಿಂದಲೋ ಇಲಾಖೆಯ ಜಾಲತಾಣದಿಂದಲೋ ತೆಗೆದುಕೊಳ್ಳಬೇಕು. ‘ಲೈಸೆನ್ಸ್ ಬೇಗ ಮಾಡಿಸಿಕೊಡುತ್ತೇವೆ’ ಎಂದು ಬರುವ ಮೆಸೇಜಿನಲ್ಲಿರುವ ವಿಳಾಸಕ್ಕೆ ದಾಖಲೆ ಕಳಿಸುವುದು ಅಪಾಯ.

ಒಂದು ಉದಾಹರಣೆಯನ್ನು ಕೊನೆತನಕ ನೋಡೋಣ. ಮಲೆನಾಡಿನ ಒಂದು ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಹೆಣ್ಣುಮಗಳೊಬ್ಬರು ರಾಜ್ಯ ಪರವಾನಗಿಗೆ ಮಾರ್ಚ್ 3ರಂದು ಅರ್ಜಿ ಹಾಕಿದರು ಎಂದಿಟ್ಟುಕೊಳ್ಳಿ. ನೀರಿನ ಪರೀಕ್ಷಾ ವರದಿ ಇಲ್ಲವೆಂದು ಮಾರ್ಚ್ 14ಕ್ಕೆ ಅರ್ಜಿ ವಾಪಸ್ ಬಂತು. ಮಾರ್ಚ್ 20ಕ್ಕೆ ವರದಿ ಸೇರಿಸಿದರು. ಏಪ್ರಿಲ್ 8ರಂದು ಆಹಾರ ಸುರಕ್ಷತಾಧಿಕಾರಿ ಬಂದು ಘಟಕ ನೋಡಿದರು. ಕಿಟಕಿಗೆ ಜಾಲರಿ ಹಾಕಿಸಿ, ಕೆಲಸದವರ ವೈದ್ಯಕೀಯ ಪ್ರಮಾಣಪತ್ರ ಕೊಡಿ ಎಂದು ಸೂಚಿಸಿ ಹೋದರು. ಏಪ್ರಿಲ್ 15ಕ್ಕೆ ಅದೂ ಮುಗಿಯಿತು. ಮೇ 25 ಬಂದರೂ ಪರವಾನಗಿ ಇಲ್ಲ. ಅವರ ಇಮೇಲ್ ಹೀಗಿದ್ದರೆ ಸಾಕು (ಅರ್ಜಿ ಸಂಖ್ಯೆಯ ಸೊನ್ನೆಗಳಿರುವ ಕಡೆ ನಿಜವಾದ ಅಂಕಿಗಳು ಬರಬೇಕು):

ವಿಷಯ: ಹೊಸ ರಾಜ್ಯ ಪರವಾನಗಿ, ಅರ್ಜಿ ಸಂಖ್ಯೆ 00000000000004417, ತಪಾಸಣೆಯ ನಂತರದ ಸ್ಥಿತಿ ತಿಳಿಸುವ ಬಗ್ಗೆ

ಉಲ್ಲೇಖ: 1) ದಿನಾಂಕ 3 ಮಾರ್ಚ್‌ರ ಅರ್ಜಿ ಮತ್ತು ಶುಲ್ಕದ ರಸೀದಿ. 2) ದಿನಾಂಕ 20 ಮಾರ್ಚ್‌ರಂದು ಸಲ್ಲಿಸಿದ ನೀರಿನ ಪರೀಕ್ಷಾ ವರದಿ. 3) ದಿನಾಂಕ 8 ಏಪ್ರಿಲ್‌ರ ಸ್ಥಳ ತಪಾಸಣೆ.

ಮಾನ್ಯರೇ,

ಉಪ್ಪಿನಕಾಯಿ ತಯಾರಿಕೆಗಾಗಿ ನಾನು ಸಲ್ಲಿಸಿದ ಮೇಲ್ಕಂಡ ಅರ್ಜಿಗೆ ಸಂಬಂಧಿಸಿ, ತಪಾಸಣೆಯಲ್ಲಿ ಸೂಚಿಸಿದ ಎರಡು ಅಂಶಗಳನ್ನು ಏಪ್ರಿಲ್ 15ರಂದು ಪೂರೈಸಿ, ಫೋಟೋ ಮತ್ತು ಪ್ರಮಾಣಪತ್ರಗಳನ್ನು ಸಲ್ಲಿಸಿರುತ್ತೇನೆ. ಇಂದು, ಮೇ 25ರಂದು, ಪೋರ್ಟಲಿನಲ್ಲಿ ನೋಡಿದಾಗ ಅರ್ಜಿಯು ತಮ್ಮ ಕಚೇರಿಯಲ್ಲಿ ಬಾಕಿ ಇರುವುದಾಗಿ ತೋರಿಸುತ್ತಿದೆ. ಪೂರ್ಣ ಅರ್ಜಿ ಸಲ್ಲಿಸಿದ ದಿನದಿಂದ 60 ದಿನಗಳು ಮೇ 19ಕ್ಕೆ ಮುಗಿದಿವೆ.

ತಪಾಸಣಾ ವರದಿ ತಮ್ಮ ಕಚೇರಿಗೆ ತಲುಪಿದೆಯೇ, ನನ್ನಿಂದ ಇನ್ನಾವುದಾದರೂ ದಾಖಲೆ ಬಾಕಿ ಇದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ರಸೀದಿ ಮತ್ತು ಪೋರ್ಟಲಿನ ಇಂದಿನ ಪುಟದ ಪ್ರತಿ ಲಗತ್ತಿಸಿದೆ.

ಕೆಳಗೆ ಅರ್ಜಿಯಲ್ಲಿ ಇರುವಂತೆಯೇ ಹೆಸರು, ಘಟಕದ ಹೆಸರು ಮತ್ತು ವಿಳಾಸ, ನೋಂದಾಯಿತ ಮೊಬೈಲ್ ನಂಬರ್.

ಈ ಇಮೇಲಿನಲ್ಲಿ ಗಮನಿಸಬೇಕಾದದ್ದು ಅದರ ಪ್ರಶ್ನೆಗಳು. ‘ಅರ್ಜಿ ಏನಾಯಿತು’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಬಹುದು. ವರದಿ ತಲುಪಿದೆಯೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಇಲ್ಲ ಎಂದರೆ ಕಡತ ತಪಾಸಣೆ ಮಾಡಿದ ಅಧಿಕಾರಿಯ ಬಳಿಯೇ ಉಳಿದಿದೆ ಎಂದರ್ಥ, ಅಲ್ಲಿಗೆ ಕೇಳಿದರಾಯಿತು. ಹೌದು ಎಂದರೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ತಪಾಸಣಾ ವರದಿ ಬಂದ 30 ದಿನಗಳಲ್ಲಿ ಪರವಾನಗಿ ಕೊಡುವ ಅಥವಾ ನಿರಾಕರಿಸುವ ನಿರ್ಧಾರ ಆಗಬೇಕು ಎಂದು ನಿಯಮಾವಳಿಯಲ್ಲಿದೆ. ಸೂಚಿಸಿದ ತಿದ್ದುಪಡಿ ಮಾಡಿಸಲು ಅರ್ಜಿದಾರರು ತೆಗೆದುಕೊಂಡ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದಲೇ ಏಪ್ರಿಲ್ 15 ಎಂಬ ದಿನಾಂಕ ಇಮೇಲಿನಲ್ಲಿ ಇರಬೇಕಾದದ್ದು. ಮಾರ್ಚ್ 3ರಿಂದ ದಿನ ಎಣಿಸಿ ‘ಎಂಬತ್ತು ದಿನ ಕಳೆಯಿತು’ ಎಂದು ಬರೆದರೆ, ನಡುವೆ ಅರ್ಜಿ ನಿಮ್ಮ ಬಳಿಯೇ ಇತ್ತಲ್ಲ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತೆ.

ದೂರು, ಬೇಸರ, ಮೇಲಧಿಕಾರಿಗೆ ಹೇಳುತ್ತೇನೆಂಬ ಎಚ್ಚರಿಕೆ ಯಾವುದೂ ಮೊದಲ ಇಮೇಲಿನಲ್ಲಿ ಬೇಡ. ದಿನಾಂಕಗಳೇ ವಿಳಂಬವನ್ನು ಹೇಳುತ್ತವೆ.

ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ ಎಂದು ಅಳುಕುವವರಿದ್ದಾರೆ. ರಾಜ್ಯದ ಆಡಳಿತ ಭಾಷೆ ಕನ್ನಡ, ಜಿಲ್ಲಾ ಕಚೇರಿಗೆ ಕನ್ನಡದಲ್ಲಿ ಬರೆಯುವುದೇ ಸರಿ. ತೊಡಕು ಬರುವುದು ಬೇರೆ ಕಡೆ. ಕೆಲವು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಆ ಅಕ್ಷರಗಳನ್ನು ಇಮೇಲಿಗೆ ಅಂಟಿಸಿದರೆ ಓದುವವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡಿನಲ್ಲಿ ಟೈಪ್ ಮಾಡಬೇಕು, ಮೊಬೈಲಿನ ಕನ್ನಡ ಕೀಲಿಮಣೆ ಯೂನಿಕೋಡೇ. ಲಗತ್ತುಗಳು ಎರಡು ಅಥವಾ ಮೂರು ಸಾಕು, ಪ್ರತಿ ಕಡತದ ಹೆಸರಿನಲ್ಲೂ ಅರ್ಜಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಇರಲಿ. ಸ್ಥಿತಿ ಕೇಳುವುದಕ್ಕೆ ಆಧಾರ್ ಪ್ರತಿ ಬೇಕಿಲ್ಲ, ಕಳಿಸಬೇಡಿ.

ಹತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಹೊಸ ಇಮೇಲ್ ಬರೆಯದೆ, ಹಳೆಯದಕ್ಕೇ ‘ರಿಪ್ಲೈ’ ಒತ್ತಿ ಎರಡು ಸಾಲಿನ ನೆನಪೋಲೆ ಕಳಿಸುವುದು ಒಳ್ಳೆಯದು. ಮೊದಲನೆಯ ಇಮೇಲ್, ಅದರ ದಿನಾಂಕ ಎಲ್ಲವೂ ಕೆಳಗೇ ಉಳಿಯುತ್ತವೆ. ಜೊತೆಗೆ ಅದರದೇ ಮುದ್ರಿತ ಪ್ರತಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡರೆ ಮುಂದಿನ ಹೆಜ್ಜೆಗೆ ಗಟ್ಟಿ ಆಧಾರ.

ಆ ಮುಂದಿನ ಹೆಜ್ಜೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಇಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ‘ಏಕೆ ತಡವಾಯಿತು’ ಎಂದು ಕೇಳಿದರೆ ಕಾರಣ ಕೊಡುವುದು ನಮ್ಮ ಕೆಲಸವಲ್ಲ ಎಂದು ಹಿಂತಿರುಗಿಸಬಹುದು. ‘ಇಂಥ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಮತ್ತು ತಪಾಸಣಾ ವರದಿಯ ಪ್ರತಿ ಕೊಡಿ’ ಎಂದು ದಾಖಲೆಯನ್ನೇ ಕೇಳಬೇಕು. ಕಡತ ಯಾವ ದಿನ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಆ ಟಿಪ್ಪಣಿಯಲ್ಲೇ ಇರುತ್ತದೆ.

ಇಷ್ಟರ ನಡುವೆ ಕಾಯ್ದೆಯ 31ನೇ ಸೆಕ್ಷನ್ ಅರ್ಜಿದಾರರಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಅರ್ಜಿ ಹಾಕಿ ಎರಡು ತಿಂಗಳಾದರೂ ಪರವಾನಗಿ ಬರದಿದ್ದರೆ, ಅರ್ಜಿ ತಿರಸ್ಕೃತವೂ ಆಗಿರದಿದ್ದರೆ, ಅವರು ವ್ಯವಹಾರ ಶುರು ಮಾಡಬಹುದು. ಆಮೇಲೆ ಅಂಕಿತ ಅಧಿಕಾರಿ ಪರವಾನಗಿ ನಿರಾಕರಿಸುವಂತಿಲ್ಲ, ಬೇಕಿದ್ದರೆ ಸುಧಾರಣೆಯ ನೋಟಿಸ್ ಕೊಡಬಹುದು. ಉಪ್ಪಿನಕಾಯಿಯ ಹೆಣ್ಣುಮಗಳಿಗೆ ಇದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಮಿಡಿಯ ಕಾಲ ಮುಗಿಯುವುದರೊಳಗೆ ಕಾಯಿ ಕೊಂಡು ಉಪ್ಪು ಹಾಕಿ ಭರಣಿ ತುಂಬಬಹುದು. ಆದರೆ ಬಾಟಲಿಯ ಲೇಬಲ್ಲಿನ ಮೇಲೆ ಪರವಾನಗಿ ಸಂಖ್ಯೆ ಇರಲೇಬೇಕಾದ್ದರಿಂದ, ಅದು ಬರುವವರೆಗೆ ಲೇಬಲ್ ಅಚ್ಚಿಗೆ ಕೊಡುವಂತಿಲ್ಲ. ಅಪ್ಪಿತಪ್ಪಿಯೂ 17 ಅಂಕಿಯ ಅರ್ಜಿ ಸಂಖ್ಯೆಯನ್ನು ಆ ಜಾಗದಲ್ಲಿ ಅಚ್ಚು ಹಾಕಿಸಬಾರದು. ಕರ್ನಾಟಕದ ರಾಜ್ಯ ಪರವಾನಗಿಯ 14 ಅಂಕಿಗಳು 112 ಎಂದು ಶುರುವಾಗುತ್ತವೆ, ಅದರ ಮುಂದಿನ ಎರಡು ಅಂಕಿ ವರ್ಷವನ್ನು ಸೂಚಿಸುತ್ತವೆ. ಸಂಖ್ಯೆ ಕೈಗೆ ಬಂದ ದಿನವೇ ಅದನ್ನೂ, ಪರವಾನಗಿಯಲ್ಲಿ ನಮೂದಾದ ವಿಳಾಸ ಮತ್ತು ಪದಾರ್ಥದ ವರ್ಗವನ್ನೂ ಅರ್ಜಿಯೊಡನೆ ಹೋಲಿಸಿ ನೋಡಿ, ಆಮೇಲೆ ಅಚ್ಚಿನವರಿಗೆ ಕೊಡಬೇಕು.