ವಿಶ್ವಾಸಾಂತರದ ಅರ್ಥನಿರೂಪಣೆ

ವಿಶ್ವಾಸಾಂತರ ಅಥವಾ ಕಾನ್ಫಿಡೆನ್ಸ್ ಇಂಟರ್ವಲ್ ಎಂಬುದು ಸಂಖ್ಯಾಶಾಸ್ತ್ರದಲ್ಲಿ ಅಜ್ಞಾತ ಮೌಲ್ಯವೊಂದನ್ನು ಅಂದಾಜು ಮಾಡಲು ಮಾದರಿಯಿಂದ ಲೆಕ್ಕಹಾಕುವ ವ್ಯಾಪ್ತಿ. ಇದರ ಸಿದ್ಧಾಂತವನ್ನು ಜೆರ್ಜಿ ನೇಮನ್ 1937ರಲ್ಲಿ ವಿಸ್ತಾರವಾಗಿ ಮಂಡಿಸಿದರು. "95% ವಿಶ್ವಾಸಾಂತರವು 40ರಿಂದ 46" ಎಂದಾಗ ನಿಜಮೌಲ್ಯವು 40 ಮತ್ತು 46ರ ನಡುವೆ ಇರುವ ಸಂಭವನೀಯತೆ 95% ಎಂದು ಅರ್ಥೈಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ಸರಿಯಾದ ಅರ್ಥ

ಈ ಸಿದ್ಧಾಂತದಲ್ಲಿ ನಿಜಮೌಲ್ಯವು ಸ್ಥಿರವಾದುದು. ಮಾದರಿಯಿಂದ ಮಾದರಿಗೆ ಬದಲಾಗುವುದು ವ್ಯಾಪ್ತಿಯ ತುದಿಗಳು. ಅದೇ ವಿಧಾನವನ್ನು ಹೊಸ ಹೊಸ ಮಾದರಿಗಳಿಗೆ ಮತ್ತೆ ಮತ್ತೆ ಅನ್ವಯಿಸಿದರೆ, ದೊರೆಯುವ ವ್ಯಾಪ್ತಿಗಳಲ್ಲಿ ಸುಮಾರು 95% ನಿಜಮೌಲ್ಯವನ್ನು ಒಳಗೊಂಡಿರುತ್ತವೆ. ಆದ್ದರಿಂದ 95% ಎಂಬುದು ವಿಧಾನದ ಗುಣವೇ ಹೊರತು ಲೆಕ್ಕಹಾಕಿ ಮುಗಿದ ಒಂದು ವ್ಯಾಪ್ತಿಯ ಗುಣವಲ್ಲ.

ಉದಾಹರಣೆಯ ಮೂಲಕ ಪರೀಕ್ಷೆ

ಒಂದು ಅಳತೆಯ ಉಪಕರಣದ ದೋಷವು −5 ಮಿ.ಮೀ.ಯಿಂದ +5 ಮಿ.ಮೀ.ವರೆಗೆ ಇದ್ದು, ಈ ಮಿತಿಯೊಳಗಿನ ಎಲ್ಲ ದೋಷಗಳೂ ಸಮಾನವಾಗಿ ಸಂಭವನೀಯ ಎಂದು ಭಾವಿಸೋಣ. ಒಂದು ಸರಳನ್ನು ಎರಡು ಬಾರಿ ಸ್ವತಂತ್ರವಾಗಿ ಅಳೆದು, ಎರಡು ಅಳತೆಗಳ ನಡುವಿನ ವ್ಯಾಪ್ತಿಯನ್ನು ತೆಗೆದುಕೊಳ್ಳಲಾಗುತ್ತದೆ. ಪ್ರತಿ ಅಳತೆಯೂ ನಿಜವಾದ ಉದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಬರುವ ಸಾಧ್ಯತೆ ಸಮವಾಗಿರುವುದರಿಂದ, ಒಂದು ಹೆಚ್ಚಾಗಿಯೂ ಇನ್ನೊಂದು ಕಡಿಮೆಯಾಗಿಯೂ ಬರುವ ಸಂಭವನೀಯತೆ 1/2. ಹಾಗಾಗಿ ಇದು 50% ವಿಶ್ವಾಸಾಂತರ.

ಅಳತೆಗಳು 102 ಮತ್ತು 108 ಮಿ.ಮೀ. ಬಂದವೆಂದುಕೊಂಡರೆ, ನಿಜವಾದ ಉದ್ದವು ಎರಡರಿಂದಲೂ 5 ಮಿ.ಮೀ.ಗಿಂತ ದೂರವಿರಲಾರದು. ಅಂದರೆ ಅದು 103ರಿಂದ 107ರೊಳಗೇ ಇರಬೇಕು. ಹೀಗಾಗಿ 102–108ರ ವ್ಯಾಪ್ತಿಯು ಅದನ್ನು ಖಚಿತವಾಗಿ ಒಳಗೊಂಡಿದೆ. ಇದಕ್ಕೆ "50% ಸಂಭವನೀಯತೆ" ಎನ್ನುವುದು ಸ್ಪಷ್ಟವಾಗಿ ತಪ್ಪು. ಅಳತೆಗಳು 104 ಮತ್ತು 105 ಬಂದರೆ ಪರಿಸ್ಥಿತಿ ವಿರುದ್ಧವಾಗುತ್ತದೆ. ಆಗ ನಿಜವಾದ ಉದ್ದವು 100ರಿಂದ 109ರವರೆಗೆ ಎಲ್ಲಿಯಾದರೂ ಇರಬಹುದು. ಅಳತೆಗಳ ವ್ಯತ್ಯಾಸ 1 ಮಿ.ಮೀ. ಇರುವ ಜೋಡಿಗಳಲ್ಲಿ ಸರಾಸರಿ ಒಂಬತ್ತಕ್ಕೆ ಒಂದು ಮಾತ್ರ ನಿಜವಾದ ಉದ್ದವನ್ನು ಒಳಗೊಳ್ಳುತ್ತದೆ.

ಆದರೂ ವಿಧಾನದ ಭರವಸೆ ಸುಳ್ಳಾಗುವುದಿಲ್ಲ. ಸರಾಸರಿ 100 ಜೋಡಿಗಳಲ್ಲಿ 25ರ ವ್ಯತ್ಯಾಸ 5 ಮಿ.ಮೀ.ಗಿಂತ ಹೆಚ್ಚಿರುತ್ತದೆ, ಅವೆಲ್ಲವೂ ನಿಜವಾದ ಉದ್ದವನ್ನು ಒಳಗೊಳ್ಳುತ್ತವೆ. ಉಳಿದ 75ರಲ್ಲಿ 25 ಮಾತ್ರ ಒಳಗೊಳ್ಳುತ್ತವೆ. ಒಟ್ಟು 50 ಆಗುವುದರಿಂದ 50% ಎಂಬ ಹೇಳಿಕೆ ದೀರ್ಘಾವಧಿಯಲ್ಲಿ ನಿಖರವಾಗಿಯೇ ಉಳಿಯುತ್ತದೆ.

ಬೇಸಿಯನ್ ವ್ಯಾಪ್ತಿಯೊಂದಿಗೆ ಸಂಬಂಧ

ನಿಜಮೌಲ್ಯವು ನಿರ್ದಿಷ್ಟ ವ್ಯಾಪ್ತಿಯಲ್ಲಿರುವ ಸಂಭವನೀಯತೆಯನ್ನು ಹೇಳಬೇಕಾದರೆ, ದತ್ತಾಂಶಕ್ಕೆ ಮೊದಲೇ ಆ ಮೌಲ್ಯಕ್ಕೆ ಒಂದು ಪೂರ್ವ ವಿತರಣೆಯನ್ನು ಊಹಿಸಿ, ಬೇಯ್ಸ್ ಪ್ರಮೇಯದ ಮೂಲಕ ಲೆಕ್ಕಹಾಕಬೇಕಾಗುತ್ತದೆ. ಪ್ರಸಾಮಾನ್ಯ ವಿತರಣೆಯ ಸರಾಸರಿಯಂತಹ ಸರಳ ಸಂದರ್ಭಗಳಲ್ಲಿ, ಎಲ್ಲ ಮೌಲ್ಯಗಳಿಗೂ ಸಮಾನ ತೂಕ ಕೊಡುವ ಪೂರ್ವ ವಿತರಣೆಯನ್ನು ಬಳಸಿದರೆ, ಎರಡೂ ವಿಧಾನಗಳು ಒಂದೇ ಅಂಕಿಗಳನ್ನು ನೀಡಬಹುದು. ಅಂಕಿಗಳು ಹೊಂದಿಕೊಂಡರೂ ಸಂಭವನೀಯತೆಯ ಹೇಳಿಕೆಗೆ ಆಧಾರವಾಗುವುದು ಆ ಪೂರ್ವ ಊಹೆಯೇ ಹೊರತು ವಿಶ್ವಾಸಮಟ್ಟವಲ್ಲ.