ಬಿಲ್ಲು ಉಬ್ಬಿಸಿದರೆ ನಿಜವಾದ ಖರ್ಚೂ ಕೈತಪ್ಪೀತು!

ಆರೋಗ್ಯ ವಿಮೆ ಮಾಡಿಸಿದ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಬಂಧುಗಳೋ ಪರಿಚಿತರೋ ಹೇಳುವ ಮಾತೊಂದಿದೆ. “ಕಂಪನಿ ರೊಕ್ಕ ಅಲ್ಲೇನ್ರಿ, ಎರಡು ದಿನ ಜಾಸ್ತಿ ಬರೆಸಿದ್ರ ಏನಾಗ್ತೈತಿ?” ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಪತ್ನಿಗೆ ಡೆಂಗಿ ಜ್ವರ ಬಂದಿತು. ರಾಣೆಬೆನ್ನೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ಮೂರು ದಿನ ಇದ್ದು ಗುಣವಾಗಿ ಮನೆಗೆ ಬಂದರು. ನಿಜವಾದ ಖರ್ಚು 21,000 ರೂಪಾಯಿ. ಆದರೆ ಐದು ದಿನ ಇದ್ದಂತೆ ಬರೆಸಿ, ಕೊಳ್ಳದ ಔಷಧಿಯ ಬಿಲ್ಲು ಸೇರಿಸಿ 34,000 ರೂಪಾಯಿಯ ಕ್ಲೇಮನ್ನು ಹಾವೇರಿಯ ಏಜೆಂಟರ ಮೂಲಕ ಕಳಿಸಿದರು. ಉಬ್ಬಿಸಿದ್ದು 13,000 ರೂಪಾಯಿ ಮಾತ್ರ.

ತನಿಖೆ ಹೇಗೆ ನಡೆಯುತ್ತದೆ?

ಕಾಯಿಲೆಗೂ ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಹೊಂದಿಕೆ ಕಾಣದಿದ್ದರೆ ಕಂಪನಿ ತನಿಖಾಧಿಕಾರಿಯನ್ನು ಕಳಿಸುತ್ತದೆ. ಅವರು ಮೊದಲು ಕೇಳುವುದು ಬಿಲ್ಲನ್ನಲ್ಲ, ರೋಗಿಯ ಕೇಸ್ ಪೇಪರನ್ನು. ನರ್ಸುಗಳು ದಿನಕ್ಕೆ ಹಲವು ಬಾರಿ ಜ್ವರ, ನಾಡಿ, ರಕ್ತದೊತ್ತಡ ಬರೆದಿಡುವ ಹಾಳೆ ಅದರಲ್ಲಿರುತ್ತದೆ. ನಮ್ಮ ಉದಾಹರಣೆಯಲ್ಲಿ ನಾಲ್ಕನೆಯ ದಿನದಿಂದ ಆ ಹಾಳೆ ಖಾಲಿ. ಔಷಧಿ ಕೊಟ್ಟ ಪಟ್ಟಿಯಲ್ಲಿ ಸಲೈನ್ ಬಾಟಲಿ ಆರು, ಬಿಲ್ಲಿನಲ್ಲಿ ಹದಿನಾಲ್ಕು. ಔಷಧಿ ಅಂಗಡಿಯಲ್ಲಿ ಬಿಲ್ಲಿನ ಕ್ರಮಸಂಖ್ಯೆಯನ್ನೂ ಔಷಧಿಯ ಬ್ಯಾಚ್ ಸಂಖ್ಯೆಯನ್ನೂ ದಾಸ್ತಾನಿನೊಂದಿಗೆ ತಾಳೆ ನೋಡುತ್ತಾರೆ.

ಬಳಿಕ ಮನೆಗೆ ಬರುತ್ತಾರೆ. “ಯಾವ ವಾರ ಮನೆಗೆ ಬಂದ್ರಿ ಅಮ್ಮಾ?” ಎಂದು ಸಹಜವಾಗಿ ಕೇಳುತ್ತಾರೆ. ಕಾಯಿಲೆಯಿಂದ ಎದ್ದ ಆ ತಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಕಳೆದುಕೊಳ್ಳುವುದು ಎಷ್ಟು?

ಸುಳ್ಳಿನ 13,000 ಕಡಿದು ಉಳಿದ 21,000 ಕೊಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಆರೋಗ್ಯ ಪಾಲಿಸಿಗಳಲ್ಲಿ ವಂಚನೆಯ ಷರತ್ತು ಒಂದಿರುತ್ತದೆ. ಕ್ಲೇಮು ಯಾವುದೇ ಅಂಶದಲ್ಲಿ ವಂಚನೆಯದ್ದಾಗಿದ್ದರೆ ಪಾಲಿಸಿಯ ಎಲ್ಲ ಸೌಲಭ್ಯವನ್ನೂ ಕಟ್ಟಿದ ಪ್ರೀಮಿಯಮ್ಮನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಆ ಕ್ಲೇಮಿಗೆ ಮೊದಲೇ ಹಣ ಪಾವತಿಯಾಗಿದ್ದರೆ ಅದನ್ನು ಹಿಂದಿರುಗಿಸಬೇಕು.

ಇದಕ್ಕಿಂತ ದೊಡ್ಡ ನಷ್ಟ ಮನೆಯ ಹಿರಿಯರದ್ದು. ಇದೇ ಪಾಲಿಸಿಯಲ್ಲಿ ಸಕ್ಕರೆ ಕಾಯಿಲೆಯ ಮಾವನವರೂ ಇದ್ದರೆನ್ನಿ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾದೀತು. ಅವರು ಆ ಅವಧಿಯನ್ನು ಮುಗಿಸಿದ್ದರು. ಪಾಲಿಸಿ ರದ್ದಾದರೆ ಮತ್ತೆ ಮೊದಲಿನಿಂದ ಎಣಿಕೆ. ಅದೂ ಹೊಸ ಕಂಪನಿ ಒಪ್ಪಿದರೆ. ಐದು ವರ್ಷ ಸತತವಾಗಿ ನಡೆದ ಪಾಲಿಸಿಯನ್ನು ಕಂಪನಿ ಹಳೆಯ ಮಾಹಿತಿ ಕೆದಕಿ ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆ 2024ರಿಂದ ಇದೆ. ಆದರೆ ಸಾಬೀತಾದ ವಂಚನೆಗೆ ಈ ರಕ್ಷಣೆಯೂ ಸಿಗದು.

ದಾಖಲೆಯ ಸುಳ್ಳು, ದೇಹಕ್ಕೆ ಅಪಾಯ

ಐದು ದಿನವನ್ನು ಸಮರ್ಥಿಸಲು ಡಿಸ್ಚಾರ್ಜ್ ಚೀಟಿಯಲ್ಲಿ “ರಕ್ತಸ್ರಾವವಿತ್ತು, ಪ್ಲೇಟ್‌ಲೆಟ್ 28,000ಕ್ಕೆ ಇಳಿದಿತ್ತು” ಎಂದು ಬರೆಸಿದರೆನ್ನಿ. ಪ್ರಯೋಗಾಲಯದ ವರದಿ 92,000 ಎನ್ನುತ್ತದೆ. ತನಿಖೆಯಲ್ಲಿ ಸಿಕ್ಕಿಬೀಳುವುದು ಒಂದು ಮಾತು. ಮುಂದೆ ಆಕೆಗೆ ಶಸ್ತ್ರಚಿಕಿತ್ಸೆ ಬೇಕಾದಾಗ ವೈದ್ಯರು ಈ ಚೀಟಿಯನ್ನು ನಂಬಿ ಅನಗತ್ಯ ಪರೀಕ್ಷೆ ಮಾಡಿಸಬಹುದು, ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬಹುದು. ಚೀಟಿಯಲ್ಲಿ ಬರೆದದ್ದು ರೋಗಿಯ ಚರಿತ್ರೆಯಾಗಿ ಉಳಿಯುತ್ತದೆ.

ತಪ್ಪು ಬೇರೆ, ವಂಚನೆ ಬೇರೆ

ಕೈಗವಸು, ಸೋಪು ಮುಂತಾದ ವಿಮೆಗೆ ಸೇರದ ವಸ್ತುಗಳು ಬಿಲ್ಲಿನಲ್ಲಿದ್ದರೆ ಗಾಬರಿ ಬೇಡ. ಅಷ್ಟನ್ನು ಕಡಿತ ಮಾಡುತ್ತಾರೆ, ಅದು ವಂಚನೆಯಲ್ಲ. ನಿಮಗೆ ತಿಳಿದಂತೆ ನಿಜವನ್ನೇ ಬರೆದಿದ್ದಿರಿ, ಮರೆಮಾಚುವ ಉದ್ದೇಶವಿರಲಿಲ್ಲ ಎಂದು ತೋರಿಸಿದರೆ ವಂಚನೆಯ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ಆದರೆ ತೋರಿಸುವ ಹೊಣೆ ನಿಮ್ಮದೇ.

ಆದ್ದರಿಂದ ಖಾಲಿ ಕ್ಲೇಮು ಫಾರಂಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ಬೇರೆಯವರು ತುಂಬಿದ ಸುಳ್ಳಿಗೂ ಕೆಳಗಿರುವುದು ನಿಮ್ಮ ಸಹಿ. ಆಸ್ಪತ್ರೆ ಬಿಡುವ ಮುನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಸೇರಿದ ದಿನ, ಬಿಟ್ಟ ದಿನ, ಕಾಯಿಲೆಯ ಹೆಸರು ಸರಿಯಿದೆಯೇ ಓದಿಸಿ ನೋಡಿ. ಕಳಿಸಿದ ಮೇಲೆ ತಪ್ಪು ಕಂಡರೆ ತನಿಖೆಗೆ ಕಾಯದೆ ಕಂಪನಿಗೆ ಪತ್ರ ಬರೆದು ತಿದ್ದಿಸಿ, ಪ್ರತಿ ಇಟ್ಟುಕೊಳ್ಳಿ.

ನಿಮ್ಮದು ಪ್ರಾಮಾಣಿಕ ಕ್ಲೇಮಾಗಿದ್ದೂ ನಿರಾಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಉತ್ತರ ತೃಪ್ತಿ ತರದಿದ್ದರೆ, ಅಥವಾ ತಿಂಗಳಾದರೂ ಉತ್ತರವೇ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಕಾಗದಪತ್ರ. ಅದರಲ್ಲಿ 13,000 ರೂಪಾಯಿಯ ಸುಳ್ಳೊಂದು ಸೇರಿದ್ದರೆ 21,000 ರೂಪಾಯಿಯ ನಿಜವನ್ನೂ ಯಾರೂ ನಂಬರು.